ವಿಂಡೋಸ್ ಸರ್ವರ್‌ನಲ್ಲಿ ಗ್ರೂಪ್ ಲೆಕ್ಕದ ಫೋಲ್ಡರ್ ಪರ್ಮಿಷನ್: ವರ್ಷಗಟ್ಟಲೆ ಬಳಸಿದ ಮೇಲೆ

ಬೈಕಂಪಾಡಿಯ ಒಂದು ಗೇರುಬೀಜ ರಫ್ತು ಕಚೇರಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಪರ್ಚೇಸ್, ಅಕೌಂಟ್ಸ್, ಎಕ್ಸ್‌ಪೋರ್ಟ್, ಎಲ್ಲರ ಫೈಲ್‌ಗಳೂ ಒಂದೇ ಶೇರ್‌ನಲ್ಲಿವೆ. ಮೊದಲಿದ್ದವರು ಒಂದೊಂದು ಫೋಲ್ಡರ್‌ಗೂ ಒಬ್ಬೊಬ್ಬರ ಹೆಸರು ಹಾಕಿ ಪರ್ಮಿಷನ್ ಕೊಟ್ಟಿದ್ದರು. ಸೆಕ್ಯೂರಿಟಿ ಟ್ಯಾಬ್ ತೆರೆದರೆ ಕೆಲಸ ಬಿಟ್ಟು ಹೋದವರ ಜಾಗದಲ್ಲಿ S-1-5-21 ಅಂತ ಶುರುವಾಗುವ ಉದ್ದದ ನಂಬರ್‌ಗಳು. ಅಕೌಂಟ್ ಅಳಿಸಿದರೂ ಫೋಲ್ಡರ್ ಮೇಲಿನ ಪರ್ಮಿಷನ್ ಹಾಗೇ ಉಳಿಯುತ್ತದೆ. ಯಾರದ್ದು ಅಂತ ಗೊತ್ತಾಗುವುದಿಲ್ಲ, ಅಷ್ಟೇ.

ಅದನ್ನೆಲ್ಲ ಗ್ರೂಪ್‌ಗೆ ಬದಲಾಯಿಸಿದೆವು. ಗ್ರೂಪ್‌ಗಳು ಎರಡು ಥರ. GG-Export ಎನ್ನುವ ಗ್ಲೋಬಲ್ ಗ್ರೂಪ್‌ನಲ್ಲಿ ಜನ ಮಾತ್ರ. DL-Export-RW ಎನ್ನುವ ಡೊಮೈನ್ ಲೋಕಲ್ ಗ್ರೂಪ್‌ಗೆ ಆ ಫೋಲ್ಡರ್‌ನ ಮಾಡಿಫೈ ಪರ್ಮಿಷನ್. ಮೊದಲನೆಯದನ್ನು ಎರಡನೆಯದರ ಒಳಗೆ ಸೇರಿಸಿದರೆ ಆಯಿತು. ಫುಲ್ ಕಂಟ್ರೋಲ್ ಯಾರಿಗೂ ಕೊಡಬೇಡಿ. ಕೊಟ್ಟರೆ ಅವರೇ ಪರ್ಮಿಷನ್ ತಿದ್ದಬಹುದು, ಆಮೇಲೆ ಹುಡುಕುತ್ತಾ ಕೂರಬೇಕು.

ಸಣ್ಣ ಕಚೇರಿಗೆ ಎರಡು ಹಂತ ಯಾಕೆ ಅಂತ ಕೇಳುವವರಿದ್ದಾರೆ. ಅಕೌಂಟ್ಸ್‌ನವರು ಶಿಪ್ಪಿಂಗ್ ಬಿಲ್ ನೋಡಬೇಕು, ಆದರೆ ತಿದ್ದಬಾರದು ಅಂತ ಬಂತು. GG-Accounts ಅನ್ನು, ಆ ಫೋಲ್ಡರ್ ಓದುವ ಪರ್ಮಿಷನ್ ಮಾತ್ರ ಇರುವ DL-Export-RO ಒಳಗೆ ಹಾಕಿದೆ, ಮುಗಿಯಿತು. ಫೋಲ್ಡರನ್ನು ಮುಟ್ಟಲೇ ಇಲ್ಲ. ನನಗೆ ಅತಿ ಇಷ್ಟವಾದದ್ದು ಇದೇ. ಮೇಲಿನ ಫೋಲ್ಡರ್‌ನ ಪರ್ಮಿಷನ್ ಬದಲಾಯಿಸಿದರೆ ವಿಂಡೋಸ್ ಒಳಗಿನ ಒಂದೊಂದು ಫೈಲ್‌ಗೂ ಹೋಗಿ ಅದನ್ನು ಬರೆಯುತ್ತದೆ. ಲಕ್ಷಗಟ್ಟಲೆ ಫೈಲ್ ಇದ್ದರೆ ಪರದೆ ಮೇಲೆ ಹಸಿರು ಪಟ್ಟಿ ಓಡುವುದನ್ನು ನೋಡುತ್ತಾ ಕೂರುವುದೇ ಕೆಲಸ. ಗ್ರೂಪ್‌ಗೆ ಒಂದು ಹೆಸರು ಸೇರಿಸುವುದಕ್ಕೆ ಎಷ್ಟು ಹೊತ್ತು ಬೇಕು?

ಆದರೆ ಸೇರಿಸಿದ ಕೂಡಲೇ ಕೆಲಸ ಆಗುವುದಿಲ್ಲ. ಪರ್ಚೇಸ್‌ನ ಹುಡುಗನೊಬ್ಬನನ್ನು ಎಕ್ಸ್‌ಪೋರ್ಟ್‌ಗೆ ಹಾಕಿದರು. GG-Purchase ನಿಂದ ತೆಗೆದು GG-Export ಗೆ ಸೇರಿಸಿದೆ. ಐದೇ ನಿಮಿಷಕ್ಕೆ ಫೋನ್: "ಎಂತ ಮಾರ್ರೆ, ಓಪನ್ ಆಗ್ತಾನೇ ಇಲ್ಲ!" ಗ್ರೂಪ್‌ಗಳ ಪಟ್ಟಿ ಸಿಗುವುದು ಲಾಗಿನ್ ಆಗುವಾಗ. ಸ್ಕ್ರೀನ್ ಲಾಕ್ ಮಾಡಿ ತೆರೆದರೆ ಸಾಲದು, ಪೂರ್ತಿ ಸೈನ್ ಔಟ್ ಆಗಿ ಬರಬೇಕು. ಬಂದಿದೆಯಾ ಅಂತ ಅವರದೇ ಕಂಪ್ಯೂಟರ್‌ನಲ್ಲಿ ನೋಡಬಹುದು:

```
whoami /groups
```

ಸೇರಿಸುವಾಗ ಇದು ಸುಮ್ನೆ ಕಿರಿಕಿರಿ. ತೆಗೆಯುವಾಗ ಮಾತ್ರ ನಿಜವಾದ ತೊಂದರೆ. ಹೊಸ ಫೋಲ್ಡರ್ ತೆರೆಯದಿದ್ದ ಅದೇ ಹೊತ್ತಲ್ಲಿ ಆ ಹುಡುಗನಿಗೆ ಹಳೆಯ ಪರ್ಚೇಸ್ ಫೋಲ್ಡರ್ ಆರಾಮಾಗಿ ತೆರೆಯುತ್ತಿತ್ತು. ಸರ್ವರ್‌ನಲ್ಲಿ ಅವನ ಸೆಷನ್ ಕತ್ತರಿಸಿದರೂ ಕಂಪ್ಯೂಟರ್ ತನ್ನ ಬಳಿ ಇರುವ, ಹಳೆಯ ಗ್ರೂಪ್ ಪಟ್ಟಿ ಬರೆದ ಪಾಸು, ಅಂದರೆ ಕರ್ಬೆರಾಸ್ ಟಿಕೆಟ್, ತೋರಿಸಿ ಮತ್ತೆ ಒಳಗೆ ಬರಬಹುದು. ಸೆಟ್ಟಿಂಗ್ ಬದಲಾಯಿಸದಿದ್ದರೆ ಆ ಟಿಕೆಟ್ 10 ಗಂಟೆ ನಡೆಯುತ್ತದೆ. ಹಾಗಾಗಿ ಯಾರನ್ನಾದರೂ ತುರ್ತಾಗಿ ಹೊರಗಿಡಬೇಕಾದರೆ ಗ್ರೂಪ್‌ನಿಂದ ತೆಗೆದು, ಅವರ ಕಂಪ್ಯೂಟರನ್ನೂ ರೀಸ್ಟಾರ್ಟ್ ಮಾಡಿಸುತ್ತೇನೆ.

ಇನ್ನೊಂದು ತಲೆನೋವು ಫೈಲ್ ಎಳೆದು ಹಾಕುವುದರಿಂದ. ನಮ್ಮ ಮ್ಯಾನೇಜರ್‌ಗೆ ಎರಡೂ ಫೋಲ್ಡರ್ ತೆರೆಯುತ್ತದೆ. ಅವರು ಕಾಂಟ್ರಾಕ್ಟ್ ಫೈಲೊಂದನ್ನು ಪರ್ಚೇಸ್‌ನಿಂದ ಎಕ್ಸ್‌ಪೋರ್ಟ್‌ಗೆ ಮೌಸಲ್ಲಿ ಎಳೆದು ಬಿಟ್ಟರು. ಎಕ್ಸ್‌ಪೋರ್ಟ್‌ನವರು "ಫೈಲೇ ಇಲ್ಲ" ಅಂದರು. ಮ್ಯಾನೇಜರ್ "ಇಲ್ಲೇ ಉಂಟಲ್ಲ" ಅಂದರು. ಇಬ್ಬರೂ ಹೇಳಿದ್ದು ಸರಿಯೇ! ಒಂದೇ ಡ್ರೈವ್‌ನೊಳಗೆ ಮೂವ್ ಮಾಡಿದರೆ ಫೈಲ್ ಹಳೆಯ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದ್ದರೆ ಹೊಸ ಫೋಲ್ಡರ್‌ನದ್ದು ಸಿಗುತ್ತಿತ್ತು. ಅದರ ಮೇಲೆ ನಮ್ಮಲ್ಲಿ ಆಕ್ಸೆಸ್ ಬೇಸ್ಡ್ ಎನ್ಯುಮರೇಷನ್ ಆನ್ ಇದೆ. ಓದಲು ಹಕ್ಕಿಲ್ಲದ್ದನ್ನು ಅದು ಕಣ್ಣಿಗೇ ತೋರಿಸುವುದಿಲ್ಲ. ಫೈಲ್‌ನ ಸೆಕ್ಯೂರಿಟಿ ಟ್ಯಾಬ್‌ನಲ್ಲಿ DL-Purchase-RW ಕಂಡರೆ ರೋಗ ಇದೇ. ಮದ್ದು ಸರ್ವರ್‌ನಲ್ಲಿ ಒಂದು ಸಾಲು:

```
icacls "D:\Data\Export\Contract.xlsx" /reset
```

ಇದು ಆ ಫೈಲನ್ನು ಈಗಿರುವ ಫೋಲ್ಡರ್‌ನ ಪರ್ಮಿಷನ್‌ಗೆ ತರುತ್ತದೆ. ಜೊತೆಗೆ /T ಹಾಕಿ ಇಡೀ ಫೋಲ್ಡರ್ ಮೇಲೆ ಓಡಿಸುವ ಆಸೆ ಬರುತ್ತದೆ. ಬೇಡ. ಒಳಗೆ ಎಲ್ಲಾದರೂ ಬೇಕೆಂದೇ ಬೇರೆ ಪರ್ಮಿಷನ್ ಇಟ್ಟಿದ್ದರೆ ಅದೂ ಅಳಿಸಿಹೋಗುತ್ತದೆ. ಅದಕ್ಕೇ ನಾನು ಈಗ ಮೂರನೇ ಹಂತದ ಕೆಳಗೆ ಬೇರೆ ಪರ್ಮಿಷನ್ ಕೊಡುವುದನ್ನೇ ನಿಲ್ಲಿಸಿದ್ದೇನೆ. ಗುಟ್ಟಿನ ಫೈಲ್ ಇದ್ದರೆ ಮೇಲೆಯೇ ಬೇರೆ ಫೋಲ್ಡರ್, ಅದಕ್ಕೆ ಬೇರೆ ಗ್ರೂಪ್.

ಡೊಮೈನ್ ಇಲ್ಲದೆ ನಾಲ್ಕೈದು ಕಂಪ್ಯೂಟರ್ ಇರುವ ಅಂಗಡಿಗೆ ಇಷ್ಟೆಲ್ಲ ಜಾಸ್ತಿಯೇ ಆಯಿತು. ಜನ ಸೆಕ್ಷನ್ ಬದಲಾಯಿಸುತ್ತಾ ಇರುವ ಕಚೇರಿಯಾದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋದ ಒಂದು ಸ್ಟಾರ್ ಆ 10 ಗಂಟೆಗೆ.