ಗಾಣದ ಎಣ್ಣೆಗೆ ಬೆಲೆ: ಖರ್ಚಿನ ಮೇಲೆ ಲಾಭವೋ, ಬಂಡವಾಳದ ಮೇಲೆ ಲಾಭವೋ?

ಒಂದು ಕಡಲೆಕಾಯಿ ಎಣ್ಣೆ ಗಾಣ ಅಂದುಕೊಳ್ಳಿ. ಹಾಕಿದ ಬಂಡವಾಳ 10 ಲಕ್ಷ. ಲೀಟರಿಗೆ ಬೀಜ, ಕರೆಂಟು, ಬಾಟಲಿ ಸೇರಿ 250 ರೂಪಾಯಿ. ಬಾಡಿಗೆ, ಸಂಬಳ, ಯಂತ್ರದ ಸವಕಳಿ ವರ್ಷಕ್ಕೆ 3 ಲಕ್ಷ. ವರ್ಷಕ್ಕೆ 10,000 ಲೀಟರ್ ಮಾರುವ ಅಂದಾಜು. ಅಲ್ಲಿಗೆ ಲೀಟರಿನ ಖರ್ಚು 280.

ಖರ್ಚಿನ ಮೇಲೆ ಶೇ. 5 ಇಟ್ಟರೆ ಬೆಲೆ 294. ಲೆಕ್ಕ ಸುಲಭ. ಆದರೆ ಲಾಭ 1.4 ಲಕ್ಷ, ಅಂದರೆ ಬಂಡವಾಳಕ್ಕೆ ಶೇ. 14 ಮಾತ್ರ. ನಿಮಗೆ ಶೇ. 20 ಬೇಕಿದ್ದರೆ ಹೀಗೆ ಮಾಡಿ: 10 ಲಕ್ಷದ ಶೇ. 20 ಅಂದರೆ 2 ಲಕ್ಷ. ಅದನ್ನು 10,000 ಲೀಟರಿಗೆ ಹಂಚಿದರೆ 20 ರೂಪಾಯಿ. ಬೆಲೆ 300.

ಇಲ್ಲೊಂದು ಗುಂಡಿ ಇದೆ. 8,000 ಲೀಟರ್ ಮಾತ್ರ ಹೋದರೆ ಲಾಭ 1 ಲಕ್ಷಕ್ಕೆ ಇಳಿಯುತ್ತದೆ. 6,000ಕ್ಕೆ ಸೊನ್ನೆ. ಆಗ ಇದೇ ಸೂತ್ರ ಹಿಡಿದು 8,000ಕ್ಕೆ ಮತ್ತೆ ಲೆಕ್ಕ ಹಾಕಿದರೆ ಬೆಲೆ 312.50 ಬರುತ್ತದೆ. ಮೊದಲೇ ವ್ಯಾಪಾರ ಕಮ್ಮಿ, ಬೆಲೆ ಏರಿಸಿದರೆ ಗಿರಾಕಿ ಇನ್ನೂ ದೂರ ಹೋಗ್ತಾರೆ, ಅಲ್ವಾ?

ಎಣ್ಣೆ ತಂದು ಮಾರುವವರಿಗೆ ಮೊದಲನೆಯದೇ ಸಾಕು. ಯಂತ್ರಕ್ಕೆ ದುಡ್ಡು ಸುರಿದವರು ಎರಡನೆಯದನ್ನೇ ಹಿಡಿಯಲಿ, ಆದರೆ 8,000 ಲೀಟರಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡು.