ಹಲವು ಚೀಟಿ, ಒಂದೇ ಚಿತ್ರ: ಹಾಳೆಯ ಮೇಲೆ ಜೋಡಿಸುವುದೋ, ಆ್ಯಪ್‌ನಲ್ಲಿ ಕೊಲಾಜ್ ಮಾಡುವುದೋ?

ಬಸ್ ಟಿಕೆಟ್, ವಿಸಿಟಿಂಗ್ ಕಾರ್ಡ್, ಲಾಡ್ಜಿನ ರಸೀದಿ, ಕೈಬರಹದ ಚೀಟಿ ಇವೆಲ್ಲವನ್ನೂ ಒಂದೇ ಚಿತ್ರದಲ್ಲಿ ಇಡಲು ಎರಡು ದಾರಿಗಳಿವೆ. ಎ4 ಹಾಳೆಯಲ್ಲಿ ಆರು ಮನೆಗಳ ಗೆರೆ ಎಳೆದು, ಪ್ರತಿ ಮನೆಯ ಮೇಲೆ ‘1. ಬಸ್ ಟಿಕೆಟ್’ ಎಂಬಂತೆ ಹೆಸರು ಬರೆದು, ಒಮ್ಮೆಗೇ ಫೋಟೊ ತೆಗೆಯುವುದು ಮೊದಲನೆಯದು. ಒಂದೊಂದನ್ನೂ ಬೇರೆಯಾಗಿ ತೆಗೆದು ಕೊಲಾಜ್ ಆ್ಯಪ್‌ನಲ್ಲಿ ಜೋಡಿಸುವುದು ಎರಡನೆಯದು.

ಹಾಳೆಯ ವಿಧಾನದಲ್ಲಿ ಯಾವುದರ ಅಂಚೂ ಕತ್ತರಿಸಿಹೋಗುವುದಿಲ್ಲ. ಹಾಳೆಯ 297 ಮಿಲಿಮೀಟರ್ ಉದ್ದವು 4000 ಪಿಕ್ಸೆಲ್‌ಗಳನ್ನು ತುಂಬಿದರೆ, 2 ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಸುಮಾರು 27 ಪಿಕ್ಸೆಲ್ ಸಿಗುತ್ತದೆ. ಓದಲು ಅದು ಧಾರಾಳ. ಅದೇ ಚಿತ್ರವನ್ನು 1600 ಪಿಕ್ಸೆಲ್‌ಗೆ ಕುಗ್ಗಿಸಿ ಕಳಿಸಿದರೆ ಉಳಿಯುವುದು 11 ಮಾತ್ರ, ಆಗ ಮಸುಕಾದ ಟಿಕೆಟ್ಟಿನಲ್ಲಿ 3 ಯಾವುದು, 8 ಯಾವುದು ಎಂಬುದೇ ಅನುಮಾನವಾಗುತ್ತದೆ. ಆದ್ದರಿಂದ ವಾಟ್ಸ್ಆ್ಯಪ್‌ನಂಥ ಆ್ಯಪ್‌ನಲ್ಲಿ ಅದನ್ನು ಕುಗ್ಗಿಹೋಗುವ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಕೊಲಾಜ್‌ನ ಲಾಭವಿರುವುದು ಬೆಳಕಿನಲ್ಲಿ: ಮಾಸಿದ ಥರ್ಮಲ್ ಟಿಕೆಟ್ಟನ್ನೂ ಹೊಳೆಯುವ ಲ್ಯಾಮಿನೇಟ್ ಕಾರ್ಡನ್ನೂ ಬೇರೆ ಬೇರೆ ಕೋನದಿಂದ ತೆಗೆಯಬಹುದು. ಆದರೆ ಆ್ಯಪ್ ಚೌಕಕ್ಕೆ ಹೊಂದಿಸುವಾಗ ಉದ್ದನೆಯ ಟಿಕೆಟ್ಟಿನ ತುದಿಯನ್ನು, ಅಂದರೆ ದಿನಾಂಕವಿರುವ ಸಾಲನ್ನೇ, ಕತ್ತರಿಸಿಬಿಡಬಹುದು. ಖರ್ಚಿನ ಲೆಕ್ಕ ಒಪ್ಪಿಸುವವರಿಗೆ ನಾನು ಹಾಳೆಯನ್ನೇ ಸೂಚಿಸುತ್ತೇನೆ. ಹೊಳೆಯುವ ಕಾರ್ಡುಗಳೇ ಹೆಚ್ಚಿದ್ದರೆ ಮಾತ್ರ ಕೊಲಾಜ್.