ಆಡ್ಸ್ ನೋಡೋದಾ, ಲಾಗ್-ಆಡ್ಸ್ ನೋಡೋದಾ?

ಓದಿದ ಗಂಟೆ (h) ನೋಡಿ ಪಾಸಾಗುವ ಸಾಧ್ಯತೆ ಹೇಳುವ ಲಾಜಿಸ್ಟಿಕ್ ರಿಗ್ರೆಶನ್ ಹೀಗಿದೆ ಅಂದ್ಕೊಳ್ಳಿ:

```
log(odds) = -2.8 + 0.7*h
```

ಆಡ್ಸ್ ಅಂದ್ರೆ ಪಾಸಾಗುವ ಸಾಧ್ಯತೆಯನ್ನು ಫೇಲಾಗುವ ಸಾಧ್ಯತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ; ಅದರ ನ್ಯಾಚುರಲ್ ಲಾಗ್ ತೆಗೆದರೆ ಲಾಗ್-ಆಡ್ಸ್. ಲೆಕ್ಕಕ್ಕೆ ಲಾಗ್-ಆಡ್ಸ್ ಸುಲಭ. ಗಂಟೆಗೆ 0.7 ಕೂಡಿಸಿದರೆ ಮುಗೀತು. ಆದರೆ 0.7 ಅಂದ್ರೆ ಎಷ್ಟು ಅಂತ ಹೊಳೆಯಲ್ಲ, ಅಲ್ವಾ? ಬೇರೆಯವರಿಗೆ ಹೇಳಲು ಆಡ್ಸೇ ವಾಸಿ: ಒಂದು ಗಂಟೆ ಜಾಸ್ತಿ ಓದಿದರೆ ಆಡ್ಸ್ ಸುಮಾರು ಎರಡರಷ್ಟಾಗುತ್ತದೆ. 4 ಗಂಟೆಗೆ 1, 5ಕ್ಕೆ 2, 6ಕ್ಕೆ 4. ಹುಷಾರು, ಸಾಧ್ಯತೆ ದುಪ್ಪಟ್ಟಾಗಲ್ಲ. ಅದು 0.5, 0.67, 0.8 ಅಂತ ಏರುತ್ತದೆ. ಹೆಚ್ಚಿನವರು ಎಡವೋದು ಇಲ್ಲೇ.

ಇನ್ನು ಗಡಿ, ಅಂದ್ರೆ ಪಾಸಾಗುವ ಸಾಧ್ಯತೆ ಎಷ್ಟಕ್ಕಿಂತ ಕಡಿಮೆಯಿದ್ದರೆ ‘ಫೇಲ್’ ಅನ್ನಬೇಕು ಅನ್ನೋದು. 0.5 ಇಟ್ಟರೆ 4 ಗಂಟೆಗಿಂತ ಕಡಿಮೆ ಓದಿದವರು ಮಾತ್ರ ‘ಫೇಲ್’ ಪಟ್ಟಿಗೆ ಹೋಗುತ್ತಾರೆ. ಫೇಲಾಗುವವರಿಗೆ ಮೊದಲೇ ನೆರವು ಕೊಡಬೇಕಿದ್ದರೆ ನಾನು 0.8 ಆರಿಸುತ್ತೇನೆ. ಕೆಲವರಿಗೆ ನೆರವು ಸುಮ್ನೆ ಹೋಗುತ್ತದೆ, ಆದರೆ ಕೈತಪ್ಪುವವರು ಕಡಿಮೆ. ಗಡಿ ಸರಿಸಿದರೂ ಆ 0.7 ಬದಲಾಗಲ್ಲ.